ಕಿಲೋಕ್ಕೆ ತಂದು ನೋಡುವ ಹುಲಗಮ್ಮ

ಹುಲಗಮ್ಮನ ಕಿರಾಣಿ ಅಂಗಡಿಗೂ ನನ್ನ ಹಿಟ್ಟಿನ ಗಿರಣಿಗೂ ನಡುವೆ ಇರುವುದು ಒಂದು ರಸ್ತೆ ಮಾತ್ರ. ಗಿರಣಿ ಸದ್ದು ಮಾಡದ ಹೊತ್ತಿನಲ್ಲಿ ಅವಳ ಅಂಗಡಿಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಸದ್ದು ಮಾಡುವಾಗಲೂ ಬೀಳುತ್ತದೆ, ಯಾಕೆಂದರೆ ಅವಳ ದನಿ ಅಷ್ಟು ದೊಡ್ಡದು. ಹಾಗಾಗಿ ಈ ಸಂಗತಿಯನ್ನು ಹೇಳಲು ನನ್ನಷ್ಟು ಹಕ್ಕುಳ್ಳವನು ಊರಲ್ಲಿ ಇನ್ನೊಬ್ಬನಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ನಮ್ಮೂರು ಹನುಮಸಾಗರದ ಹತ್ತಿರ. ಹುಲಗಮ್ಮ ಕನಕಗಿರಿ ಕಡೆಯವಳು, ಏಳನೇ ತರಗತಿ ಮುಗಿಸಿ ಮದುವೆಯಾಗಿ ಬಂದವಳು. ಬಂದ ಹೊಸದರಲ್ಲಿ ಕಳೆ ಕೀಳಲು ಕೂಲಿಗೆ ಹೋಗುತ್ತಿದ್ದಳು. ಆಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜಿಟ್ಟು ಬಿಸ್ಕೀಟು, ಬೆಂಕಿಪೊಟ್ಟಣ ಮಾರತೊಡಗಿದಳು. ಮೇಜು ಹೋಗಿ ಕಟ್ಟಿಗೆಯ ಕಪಾಟು ಬಂತು, ಕಪಾಟು ಗೋಡೆಯ ತುಂಬ ಹಬ್ಬಿತು. ಇನ್ನೊಬ್ಬರ ಹೊಲದಲ್ಲಿ ಬಗ್ಗಿದ ಬೆನ್ನು ಮತ್ತೆ ಬಗ್ಗಬಾರದು ಅನ್ನುವ ಹಟ ಅವಳಿಗೆ. ಅದನ್ನು ಅವಳು ಮುಚ್ಚಿಡುವುದೂ ಇಲ್ಲ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಾಳೆ.

ಅಂಗಡಿಗೆ ಸರಕು ಬರುವ ರೀತಿಯೇ ಒಂದು ತಮಾಷೆ. ಅವಳ ಗಂಡ ಹೊನ್ನೂರಪ್ಪ ಟಂಟಂ ಆಟೋ ಓಡಿಸುತ್ತಾನೆ. ಬಾಡಿಗೆಗೆ ಕುಷ್ಟಗಿಗೆ ಹೋದಾಗ ಹೋಲ್‌ಸೇಲ್ ಅಂಗಡಿಯಿಂದ ಸರಕು ತರುವುದು ಅವನ ಕೆಲಸ. ಅವನಿಗೆ ಓದು ಬರುತ್ತದೆ, ತಾಳ್ಮೆ ಬರುವುದಿಲ್ಲ. ಮೊದಮೊದಲು ಹೇಳಿದ್ದು ಬಿಟ್ಟು ಬೇರೆಯದನ್ನೇ ತಂದು ಹಾಕುತ್ತಿದ್ದ. ಅದಕ್ಕೆ ಹುಲಗಮ್ಮ ದಾರಿ ಹುಡುಕಿದಳು. ಅವನು ಅಲ್ಲಿ ಕಪಾಟಿನ ಮುಂದೆ ನಿಂತು ಫೋಟೋ ತೆಗೆದು ಕಳಿಸಬೇಕು. ಇವಳು ಇಲ್ಲಿ ದುಡ್ಡಿನ ಗಲ್ಲೆಯ ಮುಂದೆ ಕೂತು, ಫೋಟೋವನ್ನು ಎರಡು ಬೆರಳಿನಿಂದ ಅಗಲ ಮಾಡಿ, ‘ಮ್ಯಾಲಿಂದ ಎರಡನೇ ಸಾಲು, ಎಡಕ್ಕ ಹಸರ ಮುಚ್ಚಳದ್ದು, ಅದರ ಸಣ್ಣದು ಬ್ಯಾಡ, ನಡುವಿಂದು ಹಾಕಸ್ರಿ’ ಅಂತ ವಾಯ್ಸ್ ಕಳಿಸುತ್ತಾಳೆ. ಫೋಟೋದ ಕಾಲು ಭಾಗ ಹೊನ್ನೂರಪ್ಪನ ಹೆಬ್ಬೆರಳೇ ಇರುತ್ತಿತ್ತು. ಆದರೂ ಇಣುಕುವ ಮುಚ್ಚಳದ ಬಣ್ಣ, ಚೀಲದ ಅಂಚು ನೋಡಿ ಯಾವ ಮಾಲು ಅಂತ ಹೇಳಿಬಿಡುತ್ತಿದ್ದಳು. ಅದೊಂದು ಹೆಮ್ಮೆ ಅವಳಿಗೆ. ಆ ಹೆಮ್ಮೆಯೇ ಅವಳನ್ನು ಕೆಡವಿತು, ಅದನ್ನು ಮುಂದೆ ಹೇಳುತ್ತೇನೆ.

ಮಾಲು ಗುರುತಿಸಿದ ಮೇಲೆ ಅವಳ ಇನ್ನೊಂದು ಆಟ ಶುರುವಾಗುತ್ತದೆ. ಪಾಕೀಟು ಇನ್ನೂರು ಗ್ರಾಮಿನದಿರಲಿ, ಏಳುನೂರಿನದಿರಲಿ, ಎಲ್ಲವನ್ನೂ ಕಿಲೋಕ್ಕೆ ತಂದು ನೋಡುವುದು. ‘ಇದು ಕಿಲೋಕ್ಕ ಎಷ್ಟ ಬಿತ್ತು?’ ಅನ್ನುವುದು ಅವಳ ಬಾಯಲ್ಲಿ ದಿನಾ ಇರುವ ಮಾತು. ಪಾಕೀಟಿನ ಬೆಲೆ ನೋಡುವವರು ಮಾರುವವನಿಗೆ ಇಷ್ಟ, ಕಿಲೋದ ಬೆಲೆ ನೋಡುವವರು ಯಾರಿಗೂ ಇಷ್ಟವಿಲ್ಲ.

ಹೀಗೆ ನಡೆದಿರುವಾಗ ಹನುಮಸಾಗರದಲ್ಲಿ ಉಳಿತಾಯ ಬಜಾರ್ ಅಂತ ಒಂದು ದೊಡ್ಡ ಮಳಿಗೆ ಬಂತು. ಗಾಜಿನ ಬಾಗಿಲು, ತಳ್ಳುವ ಗಾಡಿ, ತಣ್ಣಗಿನ ಗಾಳಿ. ನಮ್ಮೂರ ಹೆಣ್ಣುಮಕ್ಕಳು ಒಂದು ಸಾಬೂನು ತರಲು ಹೋಗಿ ಅರ್ಧ ದಿನ ಅಲ್ಲೇ ಇದ್ದು ಬರತೊಡಗಿದರು. ಹುಲಗಮ್ಮನ ವ್ಯಾಪಾರ ಇಳಿಯಿತು. ಉಪ್ಪು, ಸಾಸಿವೆಗೆ ಮಾತ್ರ ಜನ ಬಂದರೆ ಅಂಗಡಿ ನಡೆಯುತ್ತದೆಯೇ?

ಹೊನ್ನೂರಪ್ಪ ಒಂದು ಸಂಜೆ ಕಡ್ಡಿ ಮುರಿದ ಹಾಗೆ ಹೇಳಿದ.

‘ನೋಡು, ಪಂಚಮಿ ಸಂತಿ ಈ ಸಲ ನಮಗ ಬರಲಿಲ್ಲಂದ್ರ ಅಂಗಡಿ ಮುಚ್ಚೂದ. ಕುಷ್ಟಗಿಯವ ಒಬ್ಬ ಮೊಬೈಲ್ ಅಂಗಡಿ ಇಡಾಕ ಕೋಣಿ ಬಾಡಿಗಿಗೆ ಕೇಳಾಕತ್ಯಾನ. ಕೊಟ್ಟು ಸುಮ್ಮ ಕುಂದರೂನು.’

‘ಸುಮ್ಮ ನೀವು ಕುಂದರ್ತೀರಿ. ನಾ ಮತ್ತ ಕಳೆ ತಗ್ಯಾಕ ಕುರ್ಪಿ ಹಿಡೀಬೇಕು,’ ಅಂದಳು ಹುಲಗಮ್ಮ. ‘ಪಂಚಮಿ ಸಂತಿ ನಾ ಬಿಡಂಗಿಲ್ಲ.’

ಪಂಚಮಿ ಸಂತೆ ಅಂದರೆ ನಮ್ಮೂರಿನದೇ ಒಂದು ಪದ್ಧತಿ. ನಾಗರಪಂಚಮಿಗೆ ಮನೆಮನೆಯಲ್ಲಿ ಉಂಡಿ, ಅಂದರೆ ಲಡ್ಡು, ಕಟ್ಟುತ್ತಾರೆ. ಅದಕ್ಕೆ ಬೇಕಾದ ಎಣ್ಣೆ, ಕಡಲೆ ಹಿಟ್ಟುಗಳನ್ನು ಊರಿನ ಹೆಣ್ಣುಮಕ್ಕಳ ಸಂಘಗಳೆಲ್ಲ ಸೇರಿ ಒಂದೇ ಕಡೆ ಕೊಳ್ಳುತ್ತವೆ. ಸಂತೆ ಹಿಡಿದವರಿಗೆ ಆ ಒಂದು ಹಬ್ಬದಲ್ಲೇ ಕಪಾಟಿನ ಅರ್ಧ ಖಾಲಿ. ಕಡಲೆ ತಂದು ಎದುರಿನ ಗಿರಣಿಯಲ್ಲಿ ಬೀಸಿಸಿದರೆ ಇನ್ನೂ ಛಲೋ ಹಿಟ್ಟು ಸಿಗುತ್ತದೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಘಗಳ ಒಕ್ಕೂಟಕ್ಕೆ ಸುರೇಖಾ ಮುಖ್ಯಸ್ಥೆ. ಚುರುಕು ಹೆಂಗಸು, ಯಾರ ಮೇಲೂ ದ್ವೇಷ ಇಲ್ಲದವಳು. ಬಜಾರಿನಲ್ಲಿ ಅಗ್ಗ ಇದ್ದರೆ ಬಜಾರಿನಲ್ಲೇ ಕೊಳ್ಳೋಣ ಅಂದಳು, ತಪ್ಪೇನಿಲ್ಲ. ಹುಲಗಮ್ಮ ಮಾತ್ರ ಆ ಮಾತನ್ನು ಕೇಳಿದ ಗಳಿಗೆಯಿಂದ ಸುಮ್ಮನೆ ಕೂರಲಿಲ್ಲ. ಅಂಗಡಿ ಬಿಟ್ಟು ಹೋಗುವಂತಿಲ್ಲ, ಆದ್ದರಿಂದ ಗೆಳತಿ ಸೈದಾನಬಿಯನ್ನು ಬಜಾರಿಗೆ ಅಟ್ಟಿದಳು.

‘ಏನೂ ಕೊಳ್ಳಬ್ಯಾಡ ಬೇ. ಎಣ್ಣಿ ಸಾಲು, ಹಿಟ್ಟಿನ ಸಾಲು, ಎರಡರದೂ ಫೋಟೋ ತಗದು ಕಳಿಸು.’

ಸೈದಾನಬಿ ಕಳಿಸಿದಳು. ಯಾರಾದರೂ ನೋಡಿಯಾರು ಅನ್ನುವ ಹೆದರಿಕೆಗೆ ದೂರದಿಂದ, ಓರೆಯಾಗಿ ತೆಗೆದ ಫೋಟೋಗಳು. ಹುಲಗಮ್ಮ ಅವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಎಣ್ಣೆಯ ಪಾಕೀಟು ಅವಳ ಅಂಗಡಿಯದರಷ್ಟೇ ಎತ್ತರ, ಮೇಲೆ ಅದೇ ಸೂರ್ಯಕಾಂತಿ ಹೂವಿನ ಚಿತ್ರ. ಕೆಳಗಿನ ಚೀಟಿಯಲ್ಲಿ ನೂರಾ ಇಪ್ಪತ್ತು ರೂಪಾಯಿ. ಅವಳ ಒಂದು ಲೀಟರ್ ಪಾಕೀಟು ನೂರಾ ನಲವತ್ತೊಂದು. ಊರವರೆಲ್ಲ ಬಜಾರಿನ ಎಣ್ಣೆ ಅಗ್ಗ ಅನ್ನುತ್ತಿದ್ದುದು ಇದಕ್ಕೇ. ಆದರೆ ಪಾಕೀಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏಳುನೂರಾ ಐವತ್ತು ಗ್ರಾಂ ಅಂತಿತ್ತು. ಹುಲಗಮ್ಮ ನನಗೆ ಕೇಳುವ ಹಾಗೆ ಚಪ್ಪಾಳೆ ತಟ್ಟಿದಳು.

ಹಿಟ್ಟಿನ ಫೋಟೋದಲ್ಲಿ ಹಳದಿ ಪಾಕೀಟುಗಳ ಸಾಲು. ಕಪಾಟಿನ ಮುಂದಿನ ಅಡ್ಡಪಟ್ಟಿ ಪಾಕೀಟಿನ ಕೆಳಗಿನ ಅರ್ಧವನ್ನು ಮುಚ್ಚಿತ್ತು. ಕಾಣುತ್ತಿದ್ದುದು ಕಂಪನಿಯ ಗುರುತು, ಹಳದಿ ಬಣ್ಣ, ಒಂದು ಕಿಲೋ ಅನ್ನುವ ಅಂಕಿ ಮಾತ್ರ. ಕೆಳಗಿನ ಚೀಟಿಯಲ್ಲಿ ನೂರಾ ಹದಿನೆಂಟು. ಹುಲಗಮ್ಮ ಎರಡನೇ ಸಲ ನೋಡಲಿಲ್ಲ. ಆ ಕಂಪನಿಯ ಕಡಲೆ ಹಿಟ್ಟು ಹಳದಿ ಪಾಕೀಟಿನಲ್ಲಿ ಬರುವುದು ಅವಳಿಗೆ ಗೊತ್ತಿತ್ತು. ಅವಳ ಅಂಗಡಿಯಲ್ಲಿ ಕಡಲೆ ಹಿಟ್ಟು ಕಿಲೋಕ್ಕೆ ನೂರಾ ಎರಡು. ಗೆದ್ದೆ ಅಂತ ಎದ್ದಳು.

ಸಂಘದ ಸಭೆ ಸಮುದಾಯ ಭವನದಲ್ಲಿ. ನನ್ನ ಗಿರಣಿಗೂ ಭವನಕ್ಕೂ ಒಂದೇ ಗೋಡೆ, ಕಿಟಕಿ ಬೇರೆ ಇದೆ, ಆದ್ದರಿಂದ ನಾನೂ ಸಭೆಯಲ್ಲಿದ್ದೆ ಅಂತಲೇ ತಿಳಿಯಿರಿ. ಹುಲಗಮ್ಮ ಫೋನ್ ಎತ್ತಿ ಹಿಡಿದು ಮೊದಲು ಎಣ್ಣೆಯ ವಿಷಯ ತೆಗೆದಳು.

‘ನೋಡ್ರವಾ, ಇದು ಲೀಟರ್ ಅಲ್ಲ. ಏಳ್ನೂರಾ ಐವತ್ತು ಗ್ರಾಂ. ನೂರಾ ಇಪ್ಪತ್ತು ಅಂದ್ರ ಕಿಲೋಕ್ಕ ನೂರಾ ಅರವತ್ತು ಬಿತ್ತು.’

‘ನಿಮ್ದೂ ಲೀಟರ್ ಅಂದ್ರ ಕಿಲೋ ಅಲ್ಲಲ್ರಿ ಅಕ್ಕಾರ?’ ಸುರೇಖಾ ಕೇಳಿದಳು.

‘ಅಲ್ಲವಾ. ಎಣ್ಣಿ ಹಗುರ. ಒಂದು ಲೀಟರ್ ಎಣ್ಣಿ ಒಂಬೈನೂರಾ ಹತ್ತು ಗ್ರಾಂ ತೂಗತೈತಿ, ಪಾಕೀಟಿನ ಮ್ಯಾಲೂ ಬರದಿರ್ತಾರ. ಅದನ್ನೂ ಕಿಲೋಕ್ಕ ತಂದೀನಿ. ನಂದು ನೂರಾ ಐವತ್ತೈದು.’

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಲಗಮ್ಮ ಹಿಟ್ಟಿಗೆ ಬಂದಳು. ಬಜಾರಿನ ಕಡಲೆ ಹಿಟ್ಟು ಕಿಲೋಕ್ಕೆ ನೂರಾ ಹದಿನೆಂಟು, ನನ್ನದು ನೂರಾ ಎರಡು, ನಿಮ್ಮನ್ನು ಹಾಡಹಗಲೇ ಸುಲಿಯುತ್ತಿದ್ದಾರೆ ಅಂತ ಕೈ ಬೀಸಿ ಹೇಳಿದಳು.

ಸುರೇಖಾ ಚೀಲದಿಂದ ಒಂದು ಹಳದಿ ಪಾಕೀಟು ತೆಗೆದು ಮುಂದಿಟ್ಟಳು, ಜೊತೆಗೆ ಬಿಲ್ಲು. ಹಿಂದಿನ ದಿನವಷ್ಟೇ ಅವಳು ಬಜಾರಿನಲ್ಲಿ ಕೊಂಡಿದ್ದ ಒಂದು ಕಿಲೋ ಕಡಲೆ ಹಿಟ್ಟು. ತೊಂಬತ್ತಾರು ರೂಪಾಯಿ.

‘ಅಕ್ಕಾರ, ನೀವು ಫೋಟೋದಾಗ ತೋರಿಸಿದ್ದು ಪುಟಾಣಿ ಹಿಟ್ಟು. ಅದೂ ಹಳದಿ ಪಾಕೀಟ. ಅದಕ್ಕ ನೂರಾ ಹದಿನೆಂಟು. ಕಡ್ಲಿ ಹಿಟ್ಟು ಅದರ ಮಗ್ಗಲಿನ ಸಾಲಿನ್ಯಾಗ ಐತಿ.’

ಪುಟಾಣಿ ಅಂದರೆ ಹುರಿಗಡಲೆ. ಅದರ ಹಿಟ್ಟಿಗೂ ಹುರಿಯದ ಕಡಲೆಯ ಹಿಟ್ಟಿಗೂ ವ್ಯತ್ಯಾಸ ಗೊತ್ತಿಲ್ಲದ ಹೆಂಗಸು ನಮ್ಮ ಸೀಮೆಯಲ್ಲಿಲ್ಲ. ಭವನದಲ್ಲಿ ನಗೆ ಎದ್ದಿತು. ನಗೆಯ ನಡುವೆ ಯಾರೋ ‘ಹಿಟ್ಟ ಹಿಂಗಾದ್ರ ಎಣ್ಣಿ ಲೆಕ್ಕ ಹೆಂಗೋ ಏನೋ’ ಅಂದರು. ಅದು ನನಗೆ ಚುಚ್ಚಿತು. ಎಣ್ಣೆಯ ಮಾತು ಅಕ್ಷರಶಃ ನಿಜವಾಗಿತ್ತು, ಅದನ್ನೂ ಈಗ ಯಾರೂ ನಂಬುವ ಹಾಗಿರಲಿಲ್ಲ. ಹುಲಗಮ್ಮನ ಮುಖ ಕಪ್ಪಿಟ್ಟಿತು. ಆದರೂ ಎದ್ದು ಹೋಗಲಿಲ್ಲ.

‘ನಂದು ತಪ್ಪು,’ ಅಂದಳು. ‘ಅರ್ಧ ಪಾಕೀಟು ನೋಡಿ ಪೂರ್ತಿ ಹೇಳಿದೆ. ಸೋಮವಾರ ತನಕ ತಡೀರಿ. ನಾನ ಹೋಗಿ ನೋಡಿ ಬರ್ತೀನಿ.’

ಸಂಘದ ಹಿರಿಯಳು ಅನ್ನಮ್ಮ. ಅವಳ ಮಾತನ್ನು ಯಾರೂ ಮೀರುವುದಿಲ್ಲ. ‘ತಡದ್ರ ಏನ್ ಹಾಳಾಗ್ತೈತಿ? ಪಂಚಮಿ ಇನ್ನೂ ದೂರ ಐತಿ, ಸೋಮವಾರ ಬರ್ರಿ,’ ಅಂದು ಎದ್ದಳು.

ಮರುದಿನ ಬೆಳಗ್ಗೆ ಹುಲಗಮ್ಮ ಗಂಡನನ್ನು ಗಲ್ಲೆಯ ಮುಂದೆ ಕೂರಿಸಿ ಬಸ್ಸು ಹತ್ತಿದಳು. ಹೊನ್ನೂರಪ್ಪ ಅಂಗಡಿಯಲ್ಲಿ ಕೂತು ಬೆವತದ್ದನ್ನು ನಾನು ಕಣ್ಣಾರೆ ಕಂಡೆ. ಕೊತ್ತಂಬರಿ ಕಾಳು ಕೇಳಿದರೆ ಜೀರಿಗೆ ಕೊಟ್ಟ. ಬಜಾರಿನಲ್ಲಿ ನಡೆದದ್ದನ್ನು ಹುಲಗಮ್ಮನೇ ಆಮೇಲೆ ನನಗೆ ಹೇಳಿದಳು, ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

ಈ ಸಲ ಅವಳು ದೂರದಿಂದ ತೆಗೆಯಲಿಲ್ಲ. ಕಪಾಟಿನ ಎದುರು ನೆಟ್ಟಗೆ ನಿಂತು ಒಂದೊಂದೇ ಮಾಲಿನ ಫೋಟೋ ತೆಗೆದಳು. ಪಾಕೀಟನ್ನು ಅಡ್ಡಪಟ್ಟಿಯಿಂದ ಮೇಲೆತ್ತಿ ಹೆಸರು ಮತ್ತು ತೂಕ ಎರಡೂ ಕಾಣುವಂತೆ ಹಿಡಿದು ಒಂದು, ಕೆಳಗಿನ ಚೀಟಿ ಹತ್ತಿರದಿಂದ ಒಂದು. ಚೀಟಿಯಲ್ಲಿ ಬೆಲೆಯ ಮೇಲೆ ಮಾಲಿನ ಹೆಸರೂ ಸಣ್ಣದಾಗಿ ಇರುತ್ತದೆ. ಪಾಕೀಟಿನ ಹೆಸರೂ ಚೀಟಿಯ ಹೆಸರೂ ಒಂದೇ ಹೌದೋ ಅಲ್ಲವೋ ನೋಡಿದ ಮೇಲೆಯೇ ಮುಂದಿನದಕ್ಕೆ ಹೋದಳು. ಮ್ಯಾನೇಜರ್ ಗೋವಿಂದರಾಜ ಬಂದು ತಡೆದ.

‘ಅಮ್ಮಾ, ಫೋಟೋ ಯಾಕ್ ತೆಗಿತೀರಿ?’

‘ನಂದೂ ಒಂದು ಅಂಗಡಿ ಐತ್ರಿ. ನಿಮ್ಮ ರೇಟು ನೋಡಾಕ ಬಂದೀನಿ,’ ಅಂದಳು ಹುಲಗಮ್ಮ. ಸುಳ್ಳು ಹೇಳಲು ಅವಳಿಗೆ ಹೊಳೆಯಲೇ ಇಲ್ಲವಂತೆ. ‘ಮತ್ತ ನೋಡ್ರಿ, ಇಲ್ಲಿ ಕಡ್ಲಿ ಹಿಟ್ಟಿನ ಸಾಲಿನ್ಯಾಗ ಪುಟಾಣಿ ಹಿಟ್ಟು ಸೇರೈತಿ. ಚೀಟಿ ಒಂದು, ಮಾಲು ಒಂದು. ನಿಮ್ಮ ಗಿರಾಕಿ ಬಿಲ್ ಮಾಡಸುವಾಗ ಜಗಳ ತಗೀತಾರ.’

ಗೋವಿಂದರಾಜ ಬಗ್ಗಿ ನೋಡಿ ಪಾಕೀಟು ಬೇರೆ ಮಾಡಿಟ್ಟ. ಆಮೇಲೆ ನಕ್ಕು, ‘ತೆಗೀರಮ್ಮಾ, ರೇಟು ಕಾಣಲಿ ಅಂತಾನೇ ಚೀಟಿ ಹಚ್ಚೀವಿ,’ ಅಂದು ಹೋದ.

ಎಣ್ಣೆಯ ಲೆಕ್ಕ ಅವಳು ಹೇಳಿದಂತೆಯೇ ಇತ್ತು. ಹಿಟ್ಟಿನ ಬಳಿ ಬಂದಾಗ ಅವಳ ಕಣ್ಣಿಗೆ ಬಿದ್ದದ್ದೇ ಬೇರೆ. ಸಾಲಿನ ಮೇಲೆ ‘ದೊಡ್ಡ ಪಾಕೀಟು, ದೊಡ್ಡ ಉಳಿತಾಯ’ ಅನ್ನುವ ಬೋರ್ಡು. ಕಿಲೋ ಪಾಕೀಟು ತೊಂಬತ್ತಾರು. ಅದರ ಕೆಳಗೆ, ಮೊಣಕಾಲಿನ ಮಟ್ಟದಲ್ಲಿ, ಅದೇ ಕಂಪನಿಯ ಅರ್ಧ ಕಿಲೋ ಪಾಕೀಟಿಗೆ ನಲವತ್ತಾರು. ಅಂದರೆ ಕಿಲೋಕ್ಕೆ ತೊಂಬತ್ತೆರಡು! ದೊಡ್ಡದಕ್ಕಿಂತ ಸಣ್ಣದೇ ಅಗ್ಗ. ಅವಳು ಅರ್ಧ ಕಿಲೋದ ಹಿಂಬದಿ ತಿರುವಿ ನೋಡಿದಳು. ಅಲ್ಲಿ ಗ್ರಾಮಿಗೆ ಹನ್ನೆರಡು ಪೈಸೆ ಅಂತ ಅಚ್ಚಾಗಿತ್ತು, ಅಂದರೆ ಕಿಲೋಕ್ಕೆ ನೂರಾ ಇಪ್ಪತ್ತು. ಕಿಲೋ ಪಾಕೀಟಿನ ಮೇಲಿದ್ದ ಎಂಆರ್‌ಪಿ ನೂರಾ ಹದಿನೈದು. ಅಚ್ಚನ್ನು ನಂಬಿದರೆ ದೊಡ್ಡದೇ ಅಗ್ಗ. ಆದರೆ ಗ್ರಾಮಿನ ಆ ಬೆಲೆ ಎಂಆರ್‌ಪಿಗೆ ಕಟ್ಟಿದ್ದು, ಮಳಿಗೆ ಮಾರುವ ಬೆಲೆಗಲ್ಲ. ಸಣ್ಣ ಪಾಕೀಟಿನ ಮೇಲೆ ಬಜಾರು ಹೆಚ್ಚು ಸೋಡಿ, ಅಂದರೆ ರಿಯಾಯಿತಿ, ಬಿಟ್ಟಿತ್ತು. ಕೊಡುವ ರೂಪಾಯಿಯನ್ನು ತೂಕಕ್ಕೆ ಭಾಗಿಸಿದರೆ ಮಾತ್ರ ನಿಜ ಹೊರಬರುತ್ತಿತ್ತು.

ಈಗ ನೋಡಿ ಅವಳ ಫಜೀತಿ. ಸುರೇಖಾಗೂ ಗೊತ್ತಿಲ್ಲದ ಒಂದು ಸಂಗತಿ ಇವಳ ಫೋನಿನಲ್ಲಿತ್ತು. ಅದನ್ನು ತೋರಿಸಿದರೆ ಹಿಟ್ಟಿನ ಸಂತೆ ಕಿಲೋಕ್ಕೆ ಹತ್ತು ರೂಪಾಯಿಯ ಅಂತರದಲ್ಲಿ ಬಜಾರಿಗೆ ಹೋಗುವುದು ಖಂಡಿತ. ತೋರಿಸದಿದ್ದರೆ ಆರು ರೂಪಾಯಿಯ ಅಂತರವನ್ನು ಹೇಗಾದರೂ ತುಂಬಿಕೊಂಡು ತೊಂಬತ್ತಾರಕ್ಕೆ ತಾನೂ ಕೊಡಬಹುದಿತ್ತು. ಅದಕ್ಕಿಂತ ಇಳಿಯಲು ಆಗುತ್ತಿರಲಿಲ್ಲ, ಕುಷ್ಟಗಿಯಲ್ಲಿ ಅವಳಿಗೆ ಬೀಳುವುದೇ ತೊಂಬತ್ಮೂರರ ಮೇಲೆ.

ಭಾನುವಾರ ಸಂಜೆ ಗಂಡಹೆಂಡಿರ ಜಗಳ ರಸ್ತೆ ದಾಟಿ ನನ್ನ ಗಿರಣಿಗೆ ಬಂತು.

‘ತೊಂಬತ್ತಾರು ಅಂತ ಹೇಳಿ ಸುಮ್ನಿರು,’ ಹೊನ್ನೂರಪ್ಪ ಅಂಗಲಾಚುತ್ತಿದ್ದ. ‘ಅರ್ಧ ಕಿಲೋದ್ದು ಯಾರ್ ಕೇಳ್ಯಾರ? ನೀ ಯಾಕ ಬಾಯಿ ಬಿಡ್ತಿ? ಎಣ್ಣಿನೂ ನಮಗ, ಹಿಟ್ಟೂ ನಮಗ.’

‘ಮೊನ್ನಿ ಗೊತ್ತಿಲ್ದ ಹೇಳೀನಿ, ಅದು ತಪ್ಪು. ಈಗ ಗೊತ್ತಿದ್ದೂ ಹೇಳದ ಬಿಟ್ರ ಅದು ಸುಳ್ಳ ಆಗ್ತೈತಿ.’

‘ಅಂಗಡಿ ಉಳೀಬೇಕೋ ಬ್ಯಾಡೋ?’

‘ಉಳೀಬೇಕು. ಅದಕ್ಕ ಹೇಳಾಕತ್ತೀನಿ. ನಾಳಿ ಯಾರರ ಆ ಸಣ್ಣ ಪಾಕೀಟು ತಂದು ನನ್ನ ಮುಂದ ಇಟ್ರ ಆಮ್ಯಾಲೆ ಎಣ್ಣಿನೂ ಇಲ್ಲ, ಉಪ್ಪೂ ಇಲ್ಲ.’

ಹೊನ್ನೂರಪ್ಪ ಟಂಟಂ ಒರೆಸಲು ಹೋದ. ಸಿಟ್ಟು ಬಂದಾಗ ಅವನು ಅದನ್ನೇ ಮಾಡುತ್ತಾನೆ, ಅವನ ಗಾಡಿ ಊರಲ್ಲೇ ಸ್ವಚ್ಛ. ನಾನೂ ಅವನ ಪಕ್ಷವೇ ಇದ್ದೆ ಅಂತ ಹೇಳಿಬಿಡುತ್ತೇನೆ. ಇಷ್ಟು ನೆಟ್ಟಗಿದ್ದರೆ ವ್ಯಾಪಾರ ಆಗುತ್ತದೆಯೇ ಅಂತ ನನಗೂ ಅನಿಸಿತ್ತು. ಗಿರಣಿಯವನಿಗೆ ಚಿಟಿಕೆ ಹಿಟ್ಟು ಯಂತ್ರದಲ್ಲಿ ಉಳಿದರೆ ಲಾಭ, ಅದನ್ನು ಯಾರಿಗೂ ಸಾರಿಕೊಂಡು ಬರುವುದಿಲ್ಲ.

ಸೋಮವಾರ ಹುಲಗಮ್ಮ ತಕ್ಕಡಿಯನ್ನೂ ಹೊತ್ತುಕೊಂಡೇ ಭವನಕ್ಕೆ ಹೋದಳು. ನಾನು ಗಿರಣಿ ನಿಲ್ಲಿಸಿ ಕಿಟಕಿಗೆ ನಿಂತೆ. ಬಜಾರಿನಿಂದ ಕೊಂಡು ತಂದಿದ್ದ ಎಣ್ಣೆ ಪಾಕೀಟನ್ನೂ ತನ್ನದನ್ನೂ ಒಂದಾದ ಮೇಲೊಂದು ತೂಗಿ ತೋರಿಸಿದಳು. ಎತ್ತರ ಒಂದೇ, ತೂಕ ಬೇರೆ. ತೆಳ್ಳಗಿನ ಪಾಕೀಟನ್ನು ಅನ್ನಮ್ಮ ಕೈಯಲ್ಲಿ ಹಿಡಿದು ಒತ್ತಿ ನೋಡಿ, ‘ಹೊಟ್ಟಿ ಬೆನ್ನಿಗೆ ಹತ್ತೈತಿ ಇದಕ್ಕ’ ಅಂದಳು. ಎಣ್ಣೆಯ ಬಗ್ಗೆ ಇನ್ನು ಯಾರೂ ಎದುರಾಡಲಿಲ್ಲ.

‘ಹಿಟ್ಟಿಂದು ಹೇಳ್ರಿ ಅಕ್ಕಾರ,’ ಅಂದಳು ಸುರೇಖಾ. ‘ತೊಂಬತ್ತಾರಕ್ಕ ನೀವೂ ಕೊಡ್ತೀರೇನು? ಕೊಟ್ರ ಎಲ್ಲಾ ಒಂದ ಕಡೆ ತಗೊಂತೀವಿ, ತಿರುಗ್ಯಾಡೂದು ತಪ್ಪತೈತಿ.’

ಇದಕ್ಕಿಂತ ಸುಲಭದ ಬಾಗಿಲು ಬೇಕೇ? ನಾನು ಕಿಟಕಿಯ ಸರಳನ್ನು ಹಿಡಿದುಕೊಂಡೆ. ಹೂಂ ಅನ್ನು, ಹೂಂ ಅನ್ನು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಹುಲಗಮ್ಮ ಫೋನನ್ನು ಸುರೇಖಾಳ ಕೈಗೇ ಕೊಟ್ಟಳು.

‘ತೊಂಬತ್ತಾರಕ್ಕ ನಾ ಕೊಡಬಲ್ಲೆ. ಆದ್ರ ನೀವು ತಗೋಬ್ಯಾಡ್ರಿ. ಈ ಫೋಟೋ ನೋಡ್ರಿ. ಬಜಾರಿನ್ಯಾಗ ಕಿಲೋ ಪಾಕೀಟು ಬಿಟ್ಟು ಕೆಳಗಿನ ಅರ್ಧ ಕಿಲೋದ್ದು ಎರಡು ತಗೊಂಡ್ರ ತೊಂಬತ್ತೆರಡಕ್ಕ ಬೀಳ್ತೈತಿ. ಆ ರೇಟಿಗೆ ನನಗ ಆಗಂಗಿಲ್ಲ.’

ಸುರೇಖಾ ಫೋಟೋ ಹಿಗ್ಗಿಸಿದಳು. ಹೆಸರು ನೋಡಿದಳು, ತೂಕ ನೋಡಿದಳು, ಚೀಟಿ ನೋಡಿದಳು. ಬೆರಳು ಮಡಚಿ ಲೆಕ್ಕ ಹಾಕಿದಳು.

‘ಖರೇನ,’ ಅಂದಳು ಮೆಲ್ಲಗೆ. ‘ನಾ ದೊಡ್ಡದ ಅಗ್ಗ ಅಂತ ತಿಳ್ಕೊಂಡು ದೊಡ್ಡದ ತಂದಿದ್ದೆ.’

ಯಾರೂ ನಗಲಿಲ್ಲ. ಅನ್ನಮ್ಮ ಹುಲಗಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ಎಣ್ಣಿ ಹುಲಗವ್ವನ ಕಡೆ. ಹಿಟ್ಟು ಬಜಾರದ್ದು, ಸಣ್ಣ ಪಾಕೀಟು,’ ಅಂದಳು. ಸಭೆ ಎದ್ದಿತು.

ನಾನು ಓಡಿ ಬಂದು ಗಿರಣಿಯ ಮುಂದೆ ಏನೂ ಗೊತ್ತಿಲ್ಲದವನ ಹಾಗೆ ನಿಂತೆ. ಹುಲಗಮ್ಮ ತಕ್ಕಡಿ ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿದಳು. ಹೊನ್ನೂರಪ್ಪ ಅಂಗಡಿಯ ಮೆಟ್ಟಿಲಿನ ಮೇಲೆ ಕಾದಿದ್ದ.

‘ಎಣ್ಣಿ?’

‘ನಮ್ದ.’

‘ಎಲ್ಲಾ?’

‘ಎಲ್ಲಾ ಸಂಘದ್ದೂ. ಅಂಗಡಿ ಮುಚ್ಚೂದಿಲ್ಲ, ಆ ಮೊಬೈಲಿನವಗ ಫೋನ್ ಮಾಡಿ ಹೇಳಿಬಿಡ್ರಿ.’

ಅವನ ಮುಖ ಅರಳಿತು. ಎದ್ದು ತಕ್ಕಡಿಗೆ ಕೈ ಚಾಚಿದ.

‘ಹಿಟ್ಟು? ಅದು ಹೆಂಗ ಹೋತು?’

‘ಹೋಗಲಿಲ್ಲ,’ ಅಂದಳು ಹುಲಗಮ್ಮ. ‘ನಾನ ಕಳಿಸಿ ಬಂದೆ.’